ಸುಬೇದಾರ್ ಹುದ್ದೆಯಿಂದ ನಿವೃತ್ತಿ, ಬೆಳಗಾವಿಯಲ್ಲಿ ಸೆಕ್ಯೂರಿಟಿ ಏಜೆನ್ಸಿ: ಅನುಭವಸ್ಥರು ತಿಳಿಸಿ

ಪ್ರಶ್ನೆ: ಸುಬೇದಾರನಾಗಿ ನಿವೃತ್ತನಾಗಿ ಬೆಳಗಾವಿಗೆ ಮರಳಿದ್ದೇನೆ. ಪಿಂಚಣಿಯಿಂದ ಮನೆ ನಡೆಯುತ್ತದೆ, ಆದರೆ ಸುಮ್ಮನೆ ಕೂರಲಾರೆ. ಕಾರ್ಖಾನೆಗಳಿಗೆ ಕಾವಲುಗಾರರನ್ನು ಒದಗಿಸುವ ಏಜೆನ್ಸಿ ಅಥವಾ ಹೌಸ್‌ಕೀಪಿಂಗ್ ಸೇವೆ ಆರಂಭಿಸುವ ಇಚ್ಛೆ ಇದೆ. ಎಷ್ಟು ಹಣ ತೆಗೆದಿಡಬೇಕು? ಎಲ್ಲಿಂದ ಆರಂಭಿಸಬೇಕು?

ನಿವೃತ್ತ ನಾಯಕ್, ವಿಜಯಪುರ: ಸಾಹೇಬರೇ, ನಮಸ್ಕಾರ. ಬ್ಯಾಂಕುಗಳಲ್ಲಿ ಮಾಜಿ ಸೈನಿಕರಿಗೆ ಸಶಸ್ತ್ರ ಕಾವಲುಗಾರರ ಹುದ್ದೆಗಳು ಆಗಾಗ ಬರುತ್ತವೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಡಿಸ್ಚಾರ್ಜ್ ಪುಸ್ತಕದ ಪ್ರತಿ ಕೊಟ್ಟು ಬನ್ನಿ. ನಾನೂ ಹೀಗೆಯೇ ಸೇರಿದ್ದು, ತಿಂಗಳ ಒಂದನೇ ತಾರೀಖಿಗೆ ಸಂಬಳ ತಪ್ಪುವುದಿಲ್ಲ.

ಏಜೆನ್ಸಿ ನಡೆಸುವವರು, ಬೆಳಗಾವಿ: ಅವರು ಕೇಳಿದ್ದು ನೌಕರಿಯನ್ನಲ್ಲ, ಆದರೂ ತಿಂಗಳ ಸಂಬಳದ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ವ್ಯವಹಾರ ಮುಳುಗುವುದೇ ಸಂಬಳದ ದಿನದಂದು.

ಮೊದಲು ಪರವಾನಗಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಡಿ ಅದಿಲ್ಲದೆ ಒಬ್ಬ ಕಾವಲುಗಾರನನ್ನೂ ಒದಗಿಸುವಂತಿಲ್ಲ. ಒಂದು ಜಿಲ್ಲೆಗೆ ಶುಲ್ಕ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ನೀವು ಬೆಳಗಾವಿ ಜಿಲ್ಲೆಯೊಂದಕ್ಕೇ ಅರ್ಜಿ ಹಾಕಿ. ಸಾಮಾನ್ಯ ಅಭ್ಯರ್ಥಿಗೆ ತರಗತಿಯಲ್ಲಿ 100 ಗಂಟೆ ಮತ್ತು ಮೈದಾನದಲ್ಲಿ 60 ಗಂಟೆ ತರಬೇತಿ ಕೊಡಿಸಬೇಕು. ಮಾಜಿ ಸೈನಿಕರಿಗಾದರೆ 40 ಮತ್ತು 16 ಗಂಟೆ ಸಾಕು. ನಿಮ್ಮ ಜೊತೆಗೆ ನಿವೃತ್ತರಾದ ಹುಡುಗರನ್ನು ಮೊದಲು ಕರೆಯಿರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ಗೇಟಿನ ಲೆಕ್ಕ ನೋಡಿ. ಉದ್ಯಮಬಾಗದ ಒಂದು ಫೌಂಡ್ರಿಗೆ ಹಗಲು-ರಾತ್ರಿ ಒಬ್ಬ ಕಾವಲುಗಾರ ಬೇಕು ಎಂದುಕೊಳ್ಳಿ. ಎಂಟು ಗಂಟೆಯ ಮೂರು ಪಾಳಿ ಎಂದರೆ ಮೂರು ಜನ ಎಂದು ಹೊಸಬರು ದರ ಕೊಡುತ್ತಾರೆ. ವಾರಕ್ಕೆ 21 ಪಾಳಿಗಳಿರುತ್ತವೆ, ವಾರದ ರಜೆ ಕಳೆದರೆ ಒಬ್ಬನು ಮಾಡುವುದು ಆರು. ಆದ್ದರಿಂದ ಬೇಕಾಗುವುದು ಮೂರೂವರೆ ಜನ. ಆ ಅರ್ಧ ಮನುಷ್ಯನನ್ನು, ಅಂದರೆ ರಿಲೀವರನನ್ನು, ದರದಲ್ಲಿ ಸೇರಿಸಲು ಮರೆತವರು ರಜೆಯ ದಿನ ತಾವೇ ಗೇಟಿನಲ್ಲಿ ನಿಲ್ಲಬೇಕಾಗುತ್ತದೆ.

ಸಂಬಳವನ್ನು ಲೆಕ್ಕದ ಅನುಕೂಲಕ್ಕಾಗಿ 15,000 ಎಂದು ಹಿಡಿಯೋಣ. ನೀವು ಕನಿಷ್ಠ ವೇತನದ ಚಾಲ್ತಿ ಅಧಿಸೂಚನೆಯನ್ನು ನೋಡಿಯೇ ಬರೆಯಿರಿ. ಅದರ ಮೇಲೆ ಭವಿಷ್ಯ ನಿಧಿಗೆ ಮಾಲೀಕರ ಪಾಲು ಆಡಳಿತ ಶುಲ್ಕಸಹಿತ ಶೇ. 13, ಅಂದರೆ 1,950, ಇಎಸ್ಐ ಶೇ. 3.25, ಅಂದರೆ 488, ಬೋನಸ್ ಶೇ. 8.33, ಅಂದರೆ 1,250. ಒಬ್ಬನಿಗೆ 18,688 ಆಯಿತು, ಮೂರೂವರೆ ಜನಕ್ಕೆ 65,408. ಸಮವಸ್ತ್ರ, ಬೂಟು, ಟಾರ್ಚಿಗೆಂದು 1,400 ಸೇರಿಸಿ, ಅದರ ಮೇಲೆ ಶೇ. 8 ಸೇವಾ ಶುಲ್ಕ ಹಾಕಿದರೆ ಬಿಲ್ಲು ಸುಮಾರು 72,150 ರೂಪಾಯಿ. ಇದರಲ್ಲಿ ನಿಮ್ಮದೆನ್ನುವುದು 5,345 ಮಾತ್ರ, ಪೆಟ್ರೋಲು ಮತ್ತು ಕಚೇರಿಯ ಖರ್ಚೂ ಅದರಲ್ಲೇ. ಇಂತಹ ನಾಲ್ಕು ಗೇಟುಗಳು ಸಿಕ್ಕರೆ 14 ಜನ, ಕೈಗೆ ಸುಮಾರು 21,000. ನಿಯಮದ ಪ್ರಕಾರ 15 ಕಾವಲುಗಾರರಿಗೆ ಒಬ್ಬ ಮೇಲ್ವಿಚಾರಕನಿರಬೇಕು. ಆತನನ್ನು ಸಂಬಳಕ್ಕೆ ಇಟ್ಟರೆ ನಿಮಗೆ ಏನೂ ಉಳಿಯುವುದಿಲ್ಲ. ಹೀಗಾಗಿ ಮೊದಲ ವರ್ಷ ರಾತ್ರಿ ರೌಂಡಿಗೆ ಹೋಗುವ ಮೇಲ್ವಿಚಾರಕರು ನೀವೇ.

ಓದುಗರು, ಗೋಕಾಕ: ಇಷ್ಟೆಲ್ಲ ಲೆಕ್ಕ ಯಾರೂ ಹಾಕುವುದಿಲ್ಲ. ಎಲ್ಲೆಡೆ ಹನ್ನೆರಡು ಗಂಟೆಯಂತೆ ಇಬ್ಬರನ್ನು ಹಾಕುತ್ತಾರೆ. ಇಪ್ಪತ್ತು ಜನರಿಗಿಂತ ಕಡಿಮೆ ಇದ್ದರೆ ಪಿಎಫ್, ಇಎಸ್ಐ ಎರಡೂ ಬೇಕಿಲ್ಲ. ಅಲ್ಲದೆ ಮಾಜಿ ಸೈನಿಕರಿಗೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ, ಅಂದರೆ ಡಿಜಿಆರ್ ಮೂಲಕ ಸರ್ಕಾರಿ ಉದ್ಯಮಗಳ ಗುತ್ತಿಗೆ ನೇರವಾಗಿ ಸಿಗುತ್ತದೆಯಲ್ಲ?

ಏಜೆನ್ಸಿ ನಡೆಸುವವರು, ಬೆಳಗಾವಿ: ಇಪ್ಪತ್ತರ ಮಿತಿ ಪಿಎಫ್‌ಗೆ ಸರಿ, ಇಎಸ್ಐ ಹತ್ತು ಜನಕ್ಕೇ ಬರುತ್ತದೆ. ನಿಮ್ಮಲ್ಲಿ ಎಷ್ಟೇ ಜನರಿರಲಿ, ಗುತ್ತಿಗೆಯವರ ಪಿಎಫ್ ಬಾಕಿ ಉಳಿದರೆ ಹೊಣೆ ಕಾರ್ಖಾನೆಯ ತಲೆಗೆ ಬರುವುದರಿಂದ ಅವರು ಪ್ರತಿ ಬಿಲ್ಲಿನ ಜೊತೆ ಚಲನ್ ಕೇಳುತ್ತಾರೆ. ಹನ್ನೆರಡು ಗಂಟೆಯ ಪಾಳಿ ನಡೆಯುತ್ತಿರುವುದು ನಿಜ, ಆದರೆ ಹೆಚ್ಚುವರಿ ಗಂಟೆಗಳಿಗೆ ದುಪ್ಪಟ್ಟು ಕೂಲಿ ಕೊಟ್ಟರೆ ಅದು ಅಗ್ಗವಲ್ಲ, ಕೊಡದಿದ್ದರೆ ಕಾನೂನುಬದ್ಧವಲ್ಲ. ಡಿಜಿಆರ್ ಪಟ್ಟಿಗೆ ಸೇರುವ ಏಜೆನ್ಸಿಗಳ ಮಾಲೀಕರು ನಿವೃತ್ತ ಅಧಿಕಾರಿಗಳಾಗಿರಬೇಕು; ಸುಬೇದಾರ ಸಾಹೇಬರಿಗೆ ಆ ಬಾಗಿಲು ತೆರೆಯುವುದಿಲ್ಲ.

ಸ್ಟೋರ್ಸ್ ವಿಭಾಗದವರು, ಉದ್ಯಮಬಾಗ: ಗಿರಾಕಿಯ ಕಡೆಯಿಂದ ಒಂದು ಮಾತು. ಫೌಂಡ್ರಿಯಲ್ಲಿ ಕಳ್ಳ ಗೋಡೆ ಹಾರಿ ಬರುವುದು ಅಪರೂಪ. ಮಾಲು ಗೇಟಿನಿಂದಲೇ ಹೋಗುತ್ತದೆ. ಜಾಬ್‌ವರ್ಕಿಗೆಂದು ಹೊರಗೆ ಹೋದ, ಎರಕದ ಅಚ್ಚು ಮಾಡಲು ಬಳಸುವ ಪ್ಯಾಟರ್ನ್ ಮರಳಿ ಬಂದಿಲ್ಲವೆಂದು ತಿಳಿಯುವುದು ಆರು ತಿಂಗಳ ಮೇಲೆ, ಅದೇ ಆರ್ಡರ್ ಮತ್ತೆ ಬಂದಾಗ. ನಮ್ಮಲ್ಲಿದ್ದ ಒಬ್ಬ ಮಾಜಿ ಹವಾಲ್ದಾರರು ಮರಳಿ ಬರಬೇಕಾದ ಗೇಟ್‌ಪಾಸ್‌ಗಳನ್ನು ಬೇರೆ ದಾರದಲ್ಲಿ ಪೋಣಿಸಿಡುತ್ತಿದ್ದರು. ಸಾಮಾನು ಬಂದ ದಿನ ಆ ಚೀಟಿಯನ್ನು ಹರಿದು ತೆಗೆದು ರಿಜಿಸ್ಟರಿನಲ್ಲಿ ಅದರ ಸಂಖ್ಯೆಗೆ ಗೆರೆ ಎಳೆಯುತ್ತಿದ್ದರು. ಪ್ರತಿ ಶನಿವಾರ ದಾರದಲ್ಲಿ ಉಳಿದ ಚೀಟಿಗಳನ್ನು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಕ್ಯಾಮೆರಾ ಹಾಕಿದ ಮೇಲೂ ಅವರನ್ನು ಮ್ಯಾನೇಜ್‌ಮೆಂಟ್ ಬಿಡಲಿಲ್ಲ. ಅಂದ ಹಾಗೆ, ರಾತ್ರಿಯ ಪ್ರತಿ ಗಂಟೆಯ ಸಹಿಗಳು ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಸಾಲಾಗಿದ್ದರೆ ಅವನ್ನು ಬೆಳಿಗ್ಗೆ ಎದ್ದು ಒಟ್ಟಿಗೆ ಮಾಡಿದ್ದೆಂದು ತಿಳಿಯಿರಿ.

ಮಾಜಿ ಸೈನಿಕ, ಮುಧೋಳ: ನನ್ನದು ಸಕ್ಕರೆ ಕಾರ್ಖಾನೆಯ ಅನುಭವ. ಕಬ್ಬು ನುರಿಸುವ ಹಂಗಾಮಿನಲ್ಲಿ ಯಾರ್ಡಿಗೆ, ತೂಕದ ಸೇತುವೆಗೆ ಕೈತುಂಬ ಜನ ಕೇಳಿದರು, ಹಂಗಾಮು ಮುಗಿದೊಡನೆ ಅರ್ಧಕ್ಕಿಳಿಸಿದರು. ತರಬೇತಿ ಕೊಟ್ಟ ಹುಡುಗರು ಪುಣೆಗೆ ಹೋದರು, ಮುಂದಿನ ಹಂಗಾಮಿಗೆ ಬರಲಿಲ್ಲ. ಬಿಲ್ಲು ಕೂಡ ಮೂರು ತಿಂಗಳು ತಡವಾಯಿತು. ವರ್ಷವಿಡೀ ನಡೆಯುವ ಗೇಟು ಚಿಕ್ಕದಾದರೂ ಅದನ್ನೇ ಹಿಡಿಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಹಾಗಾದರೆ ನಾಲ್ಕು ಗೇಟಿಗೆ ಕೈಯಲ್ಲಿ ಎಷ್ಟು ಇರಬೇಕು? ಕಮ್ಯುಟೇಶನ್ ಹಣ ಬ್ಯಾಂಕಿನಲ್ಲಿದೆ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಮರ್ಯಾದೆ ಹೆಚ್ಚು ಎಂದು ಅಳಿಯಂದಿರು ಹೇಳುತ್ತಾರೆ.

ಏಜೆನ್ಸಿ ನಡೆಸುವವರು, ಬೆಳಗಾವಿ: ಜನವರಿಯ ಸಂಬಳವನ್ನು ಫೆಬ್ರವರಿ 7ಕ್ಕೆ ಕೊಡುತ್ತೀರಿ, ಫೆಬ್ರವರಿಯದನ್ನು ಮಾರ್ಚ್ 7ಕ್ಕೆ. ಗಿರಾಕಿ ಅರವತ್ತು ದಿನ ತೆಗೆದುಕೊಂಡರೆ ಜನವರಿಯ ಬಿಲ್ಲಿನ ಹಣ ಬರುವುದು ಏಪ್ರಿಲ್ ಆರಂಭದಲ್ಲಿ. ಅಷ್ಟರಲ್ಲಿ ನಾಲ್ಕು ಗೇಟುಗಳ ಎರಡು ತಿಂಗಳ ಖರ್ಚು, ಸುಮಾರು ಐದು ಲಕ್ಷ, ನಿಮ್ಮ ಕೈಯಿಂದ ಹೋಗಿರುತ್ತದೆ. ಒಂದು ವಾರ ತಡವಾದರೆ ಮೂರನೆಯ ಸಂಬಳವೂ ನಿಮ್ಮದೇ. ಆದ್ದರಿಂದ ಒಂದು ಗೇಟಿನಿಂದ ಆರಂಭಿಸಿ, ಮೂರು ತಿಂಗಳ ಸಂಬಳದಷ್ಟನ್ನು, ಅಂದರೆ ಎರಡು ಲಕ್ಷವನ್ನು, ಪ್ರತ್ಯೇಕ ಖಾತೆಯಲ್ಲಿಡಿ. ಅದು ಪೂರ್ತಿ ಹೊರಗೆ ಸಿಕ್ಕಿಕೊಂಡಿರುವಾಗ ಎರಡನೆಯ ಗೇಟಿಗೆ ಒಪ್ಪಬೇಡಿ. ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಮಾಡಿಸಿ, ಕರಾರಿನಲ್ಲಿ 45 ದಿನ ಎಂದು ಬರೆಸಿ. ಅದಕ್ಕಿಂತ ತಡಮಾಡಿದರೆ ಆ ವರ್ಷ ಗಿರಾಕಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚು ಕಳೆಯಲು ಬಾರದಂತಾಗಬಹುದು; ಅವರ ಅಕೌಂಟೆಂಟರಿಗೆ ಇದು ಗೊತ್ತಿರುತ್ತದೆ.

ಕಂಪನಿ ಬೇಕೇ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಿಮ್ಮದು ಸ್ವಂತ ಮಾಲೀಕತ್ವದ ಸಂಸ್ಥೆಯಾದರೆ, ಜಿಎಸ್‌ಟಿ ನೋಂದಣಿ ಇರುವ ಕಾರ್ಖಾನೆ ಕಾವಲು ಸೇವೆಯ ಶೇ. 18 ತೆರಿಗೆಯನ್ನು ತಾನೇ ಕಟ್ಟುತ್ತದೆ. ಕಂಪನಿಯಾದರೆ ಬಿಲ್ಲಿನ ಹಣ ಬರುವ ಮೊದಲೇ ನೀವು ಕಟ್ಟಬೇಕು. ಹೌಸ್‌ಕೀಪಿಂಗ್‌ಗೆ ಈ ಅನುಕೂಲವಿಲ್ಲ, ಅದನ್ನು ಸದ್ಯಕ್ಕೆ ಬಿಡಿ.

ಸ್ಟೋರ್ಸ್ ವಿಭಾಗದವರು, ಉದ್ಯಮಬಾಗ: ನಮ್ಮಲ್ಲಿ ಕಂಪನಿಯೇ ಬೇಕೆಂಬ ನಿಯಮ ಟೆಂಡರಿನಲ್ಲಿದೆ. ಹೊನಗಾ, ಮಚ್ಛೆಯ ಚಿಕ್ಕ ಘಟಕಗಳು ಹಾಗೆ ಕೇಳುವುದಿಲ್ಲ.