ಎಫ್‌ಐ ಗಾಡಿಯ ಮಿಸ್ಸಿಂಗ್: ಪಂಪು ಕೆಟ್ಟಿದೆಯೇ, ಟ್ಯಾಂಕಿನ ತುಕ್ಕು ಅದನ್ನು ಕೆಡಿಸುತ್ತಿದೆಯೇ?

ಪ್ರಶ್ನೆ (ಜಮಖಂಡಿಯ ಸದಸ್ಯರು): ಮಳೆಗಾಲವಿಡೀ ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ ಮನೆಯ ಮುಂದೆ ನಿಂತಿದ್ದ 150 ಸಿಸಿ ಎಫ್‌ಐ, ಅಂದರೆ ಫ್ಯುಯೆಲ್ ಇಂಜೆಕ್ಷನ್ ಗಾಡಿ ಈಗ ಊರೊಳಗೆ ಚೆನ್ನಾಗಿಯೇ ಓಡುತ್ತದೆ. ವಿಜಯಪುರ ರಸ್ತೆಯಲ್ಲಿ 60ರ ಮೇಲೆ ಎಕ್ಸಲೇಟರ್ ಕೊಟ್ಟರೆ ಮಾತ್ರ ಮಿಸ್ ಹೊಡೆಯುತ್ತದೆ. ಕೀ ತಿರುಗಿಸಿದಾಗ ಪಂಪಿನ ಸದ್ದು ಮೊದಲಿಗಿಂತ ಜೋರಾಗಿ, ಕೀರಲಾಗಿ ಬರುತ್ತದೆ. ಎಂಜಿನ್ ಚೆಕ್ ಲೈಟ್ ಹತ್ತುವುದಿಲ್ಲ. ಪಂಪನ್ನೇ ಬದಲಿಸಬೇಕೇ?

ಬಾಗಲಕೋಟೆಯ ಸದಸ್ಯರು: ನನ್ನ ಹಳೆಯ ಗಾಡಿಯಲ್ಲೂ ಹೀಗೆಯೇ ಆಗಿತ್ತು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬ್ಯುರೇಟರಿನ ಬೌಲ್ ಬಿಚ್ಚಿ ಕಸ ತೆಗೆದ ಮೇಲೆ ಸರಿಹೋಯಿತು. ತಾವೂ ಹಾಗೆಯೇ ಮಾಡಿ ನೋಡಿ.

ಮುಧೋಳದ ಸದಸ್ಯರು: ಇವರದು ಎಫ್‌ಐ ಗಾಡಿ, ಸರ್. ಕಾಕೂ ಇಲ್ಲ, ಬೌಲೂ ಇಲ್ಲ. ಬಹಳ ದಿನ ನಿಂತ ಗಾಡಿಯ ಬ್ಯಾಟರಿ ಇಳಿದಿರುತ್ತದೆ. ವೋಲ್ಟೇಜ್ ಸಾಲದಿದ್ದರೆ ಪಂಪು ಪ್ರೆಶರ್ ಕೊಡುವುದಿಲ್ಲ. ಮೊದಲು ಬ್ಯಾಟರಿ ಬದಲಿಸಿ.

ಬೆಳಗಾವಿಯ ಮೆಕ್ಯಾನಿಕ್: ವೋಲ್ಟೇಜ್ ಕಡಿಮೆಯಾದರೆ ಪಂಪು ಸೊರಗುತ್ತದೆ ಎಂಬ ಮಾತು ನಿಜ, ಆದರೆ ಆಗ ಸದ್ದು ಮಂದವಾಗುತ್ತದೆ, ಕೀರಲಾಗುವುದಿಲ್ಲ. ಪಂಪು ಹೀರುವ ಬಾಯಿಯಲ್ಲಿರುವ ಜಾಲರಿ ಕಟ್ಟಿಕೊಂಡಾಗ ಎಳೆತ ಹೆಚ್ಚಿ ಪೆಟ್ರೋಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ಆ ಗುಳ್ಳೆಗಳೇ ಪಂಪನ್ನು ಕಿರುಚಿಸುತ್ತವೆ. ನಮ್ಮ ಕಡೆಯ ಬಿಸಿಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ನಿಧಾನವಾಗಿ ಓಡಿಸುವಾಗ ಸೋಸಿ ಬಂದಷ್ಟು ಪೆಟ್ರೋಲೇ ಸಾಕಾಗುವುದರಿಂದ ಊರೊಳಗೆ ದೋಷ ಕಾಣುವುದಿಲ್ಲ. ಇಂತಹ ಬಹುತೇಕ ಗಾಡಿಗಳಲ್ಲಿ ಪೆಟ್ರೋಲ್ ಪ್ರೆಶರ್ ಅಳೆಯುವ ಸೆನ್ಸರೇ ಇರುವುದಿಲ್ಲ; ಪ್ರೆಶರ್ ಸರಿಯಾಗಿದೆ ಎಂದೇ ನಂಬಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಇಂಜೆಕ್ಟರನ್ನು ತೆರೆಯುತ್ತದೆ, ಆದ್ದರಿಂದ ಲೈಟ್ ಹತ್ತದಿರುವುದನ್ನು ನೋಡಿ ಸಮಾಧಾನಪಡಬೇಡಿ.

ಪಂಪಿಗೆ ದುಡ್ಡು ಹಾಕುವ ಮೊದಲು ಗೇಜ್ ಇರುವ ಗ್ಯಾರೇಜಿನಲ್ಲಿ ಪ್ರೆಶರ್ ನೋಡಿಸಿ. ಪೈಪ್ ಬಿಚ್ಚುವ ಮುನ್ನ ಪಂಪಿನ ಕನೆಕ್ಟರ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು, ಇಲ್ಲದಿದ್ದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇಂತಹ ಗಾಡಿಗಳಲ್ಲಿ ಸಾಮಾನ್ಯವಾಗಿ ಸುಮಾರು 3 ಬಾರ್ ಇರಬೇಕು, ಎಕ್ಸಲೇಟರ್ ಕೊಟ್ಟಾಗಲೂ ಅದು ಹೆಚ್ಚು ಕದಲಬಾರದು. ಅದೇ ಹೊತ್ತಿನಲ್ಲಿ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜನ್ನೂ ಅಳೆಸಿ. ಬ್ಯಾಟರಿಯ ಪ್ರಶ್ನೆ ಅಲ್ಲಿಯೇ ತೀರುತ್ತದೆ.

ಜಮಖಂಡಿಯ ಸದಸ್ಯರು: ವಿಜಯಪುರದ ಗ್ಯಾರೇಜಿನಲ್ಲಿ ನೋಡಿಸಿದೆ. ಐಡ್ಲಿಂಗಿನಲ್ಲಿ 2.9 ಬಾರ್ ಇತ್ತು, ಜೋರಾಗಿ ಓಡಿಸುವಾಗ 2.1ಕ್ಕೆ ಇಳಿಯಿತು. ವೋಲ್ಟೇಜ್ ಬ್ಯಾಟರಿಯಲ್ಲೂ ಪಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಇದೆ. ಪಂಪು ಹೊರತೆಗೆದಾಗ ಬಿಳಿಯಾಗಿರಬೇಕಾದ ಜಾಲರಿ ಪೂರ್ತಿ ಕಂದಾಗಿತ್ತು. ಬೆರಳಿನಿಂದ ಒರೆಸಿದರೆ ಕುಂಕುಮದಂತಹ ನುಣ್ಣನೆಯ ಪುಡಿ ಅಂಟಿಕೊಂಡಿತು. ಟ್ಯಾಂಕಿನ ಹಿಂಭಾಗದ ತಳದಲ್ಲಿ, ಬೆಸುಗೆಯ ಉದ್ದಕ್ಕೂ ತುಕ್ಕು ಹಿಡಿದಿದೆ.

ಬೆಳಗಾವಿಯ ಮೆಕ್ಯಾನಿಕ್: ಹಾಗಾದರೆ ಮೂಲ ಟ್ಯಾಂಕಿನಲ್ಲಿದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಕಾಲು ಟ್ಯಾಂಕಿನ ಮೇಲಿನ ಖಾಲಿ ಜಾಗದಲ್ಲಿ ಮಳೆಗಾಲದ ತೇವದ ಗಾಳಿ ಆಡಿದ್ದರಿಂದ ಅದಕ್ಕೆ ಎಡೆಯಾಗಿದೆ. ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಅಲುಗಾಡದಂತೆ ಇಟ್ಟರೆ ತಳದಲ್ಲಿ ಬೇರೆ ಪದರ ಕಾಣಬಹುದು. ಕಂಡರೆ ಅದನ್ನು ಮತ್ತೆ ಗಾಡಿಗೆ ಹಾಕಬೇಡಿ.

ಪಂಪು ಮತ್ತು ಪೆಟ್ರೋಲ್ ಗೇಜಿನ ಫ್ಲೋಟ್ ಹೊರಗಿಟ್ಟು, ಫಾಸ್ಫಾರಿಕ್ ಆಮ್ಲದ ತುಕ್ಕು ನಿವಾರಕದಿಂದ ಟ್ಯಾಂಕ್ ತೊಳೆಸಿ. ಅಡುಗೆ ಸೋಡಾದ ನೀರಿನಿಂದ ಆಮ್ಲ ಕಳೆದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಬೇಕು. ಒದ್ದೆ ಬಿಟ್ಟರೆ ಗಂಟೆಗಳಲ್ಲೇ ಹೊಸ ತುಕ್ಕು ಏಳುತ್ತದೆ. ಬಳಿಕ ಹೊಸ ಜಾಲರಿ, ಹೊಸ ಫಿಲ್ಟರ್, ಪಂಪಿನ ತಟ್ಟೆಗೆ ಹೊಸ ಓ-ರಿಂಗ್ ಹಾಕಿಸಿ. ಟ್ಯಾಂಕ್ ತೊಳೆಯದೆ ಹೊಸ ಪಂಪು ಕೂರಿಸಿದರೆ ಅದರ ಗತಿಯೂ ಇದೇ.

ಜಮಖಂಡಿಯ ಸದಸ್ಯರು: ಹೇಳಿದಂತೆ ಮಾಡಿಸಿದ ಮೇಲೆ ಜೋರಾಗಿ ಓಡಿಸಿದರೂ 2.8 ಬಾರ್ ನಿಲ್ಲುತ್ತಿದೆ, ಮಿಸ್ಸಿಂಗ್ ಹೋಗಿದೆ. ಆದರೆ ಕೀರಲು ಸದ್ದು ಕಡಿಮೆಯಾಗಿದೆಯೇ ಹೊರತು ಪೂರ್ತಿ ಹೋಗಿಲ್ಲ.

ಬೆಳಗಾವಿಯ ಮೆಕ್ಯಾನಿಕ್: ಪಂಪಿಗೆ ತಂಪೂ ಜಾರಿಕೆಯೂ ಪೆಟ್ರೋಲಿನಿಂದಲೇ ಸಿಗುವುದರಿಂದ, ಉಸಿರುಗಟ್ಟಿ ಓಡಿದಷ್ಟು ದಿನ ಒಳಗೆ ಸವೆದಿರಬಹುದು. ಪ್ರೆಶರ್ ನಿಂತಿರುವಾಗ ಈಗಲೇ ಬದಲಿಸಿ ಎಂದು ನಾನು ಹೇಳಲಾರೆ. ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸದೆ ಓಡಿಸಿ. ಬಿಸಿಯಾದ ಮೇಲೆ ಪ್ರೆಶರ್ ಬೀಳತೊಡಗಿದರೆ ಆಗ ಪಂಪಿನ ಮೋಟಾರು ಬದಲಿಸಿ.

ಮುಧೋಳದ ಸದಸ್ಯರು: ಟ್ಯಾಂಕಿನ ಒಳಗೆ ಕೋಟಿಂಗ್ ಹಾಕಿಸಿಬಿಟ್ಟರೆ ಮತ್ತೆ ತುಕ್ಕಿನ ಚಿಂತೆ ಇರುವುದಿಲ್ಲವಲ್ಲ, ಸರ್?

ಬೆಳಗಾವಿಯ ಮೆಕ್ಯಾನಿಕ್: ಎಥನಾಲ್ ತಡೆಯದ ಕೋಟಿಂಗ್ ಹಪ್ಪಳದಂತೆ ಎದ್ದು ಇದೇ ಜಾಲರಿಗೆ ಬಂದು ಮೆತ್ತಿಕೊಳ್ಳುತ್ತದೆ. ತೂತು ಬೀಳದ ಟ್ಯಾಂಕಿಗೆ ನಾನು ಹಾಕುವುದಿಲ್ಲ. ಹಾಕುವವರೂ ಇದ್ದಾರೆ, ಅವರ ಅನುಭವ ಬೇರೆ ಇರಬಹುದು.