ಇನ್‌ವಾಯ್ಸ್ ಜತೆ ಹೋಗುವ ಮೇಲ್: ಹಣ, ದಿನಾಂಕ ಕಣ್ಣಿಗೆ ಬೀಳೋ ಹಾಗೆ ಬರೆಯೋದು ಹೇಗೆ?

ಕೇಳಿದವರು, ತೀರ್ಥಹಳ್ಳಿ
ನಾವು ಅಡಿಕೆ ಹಾಳೆ ತಟ್ಟೆ ಮಾಡಿ ಬೆಂಗಳೂರಿನ ಒಂದು ಕ್ಯಾಟರಿಂಗ್ ಕಂಪನಿಗೆ ಕಳಿಸುತ್ತೇವೆ. ಪ್ರತಿ ಸಲವೂ ಹಣ ತಡ. ಫೋನ್ ಮಾಡಿದರೆ "ಎಷ್ಟು, ಯಾವತ್ತಿನೊಳಗೆ ಕೊಡಬೇಕಿತ್ತು?" ಅಂತ ನಮ್ಮನ್ನೇ ಕೇಳುತ್ತಾರೆ. ನಾನು ಕಳಿಸುವ ಮೇಲ್ ಇದು: "ಮಾನ್ಯರೇ, ನಮ್ಮ ತಟ್ಟೆ ಕೊಂಡಿದ್ದಕ್ಕೆ ಧನ್ಯವಾದ. ಮಳೆಯಿಂದ ಲಾರಿ ಒಂದು ದಿನ ತಡವಾಯಿತು, ಕ್ಷಮಿಸಿ. ಇನ್‌ವಾಯ್ಸ್ ಲಗತ್ತಿಸಿದೆ. ಆದಷ್ಟು ಬೇಗ ಹಣ ಕಳಿಸಬೇಕಾಗಿ ವಿನಂತಿ." ಇದರಲ್ಲಿ ಏನು ಬದಲಿಸಲಿ?

ಹೋಂಸ್ಟೇ ನಡೆಸುವವರು, ಸಾಗರ
ಮೇಲ್ ಎಲ್ಲ ಯಾಕೆ ಮಾರಾಯ್ರೆ? ನಾವು ಅರ್ಧ ಹಣ ಮುಂಗಡ ತಗೊಂಡೇ ರೂಮು ಕೊಡೋದು. ಜೋಗಕ್ಕೆ ಬರುವವರು ಮಳೆಗಾಲದಲ್ಲಿ ಕೊನೇ ಗಳಿಗೆಗೆ ಬೇಡ ಅಂದರೂ ನಮಗೆ ನಷ್ಟ ಆಗಲ್ಲ. ನೀವೂ ಮುಂಗಡ ಕೇಳಿ.

ಕಂಪನಿಯೊಂದರಲ್ಲಿ ಬಿಲ್ ಪಾವತಿ ನೋಡುವವರು, ಶಿವಮೊಗ್ಗ
ಮುಂಗಡ ಬೇರೆ ಮಾತು, ಅವರು ಕೇಳಿದ್ದು ಮೇಲ್ ಬಗ್ಗೆ. ನಾನು ದಿನಾ ಇಂಥ ಮೇಲ್ ತೆರೆಯುವ ಕಡೆ ಕೂತಿದ್ದೇನೆ, ಅದಕ್ಕೇ ಹೇಳ್ತೀನಿ. ನಿಮ್ಮ ಮೇಲ್‌ನಲ್ಲಿ ನನಗೆ ಬೇಕಾದದ್ದು ಒಂದೂ ಇಲ್ಲ. ಹಣ ಎಷ್ಟು ಅಂತ ತಿಳಿಯಲು ಪಿಡಿಎಫ್ ತೆರೆಯಬೇಕು. "ಆದಷ್ಟು ಬೇಗ" ಅಂದರೆ ಯಾವ ವಾರದ ಪಾವತಿಗೆ ಸೇರಿಸಲಿ? ದಿನಾಂಕ ಇರುವ ಬಿಲ್‌ಗಳು ಮೊದಲು ಹೋಗುತ್ತವೆ, ನಿಮ್ಮದು ಕೆಳಗೆ ಉಳಿಯುತ್ತೆ. ಲಾರಿಯ ವಿಷಯ ಮಾಲು ತರಿಸಿಕೊಂಡವರಿಗೆ ಬೇರೆ ಮೇಲ್‌ನಲ್ಲಿ ಹೇಳಿ.

ಮಾಲು ಜೂನ್ 9ಕ್ಕೆ ತಲುಪಿತು, 30 ದಿನದ ಮಾತು, ಒಟ್ಟು 45,600 ರೂಪಾಯಿ ಅಂತ ಇಟ್ಟುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

> ವಿಷಯ: ಇನ್‌ವಾಯ್ಸ್ 114 – ₹45,600 – ಕೊನೆ ದಿನ 9 ಜುಲೈ 2026
>
> ನಮಸ್ಕಾರ,
> ಜೂನ್ 9ಕ್ಕೆ ತಲುಪಿದ 8,000 ಹಾಳೆ ತಟ್ಟೆಗಳ ಇನ್‌ವಾಯ್ಸ್ ಲಗತ್ತಿಸಿದೆ.
>
> ಕೊಡಬೇಕಾದ ಹಣ: ₹45,600 (ಲಾರಿ ಬಾಡಿಗೆ ಸೇರಿ)
> ಕೊನೆ ದಿನ: ಗುರುವಾರ, 9 ಜುಲೈ 2026
> ಪಾವತಿ: ನೆಫ್ಟ್ ಮೂಲಕ, ಖಾತೆ ವಿವರ ಇನ್‌ವಾಯ್ಸ್‌ನ ಕೆಳಗಿದೆ. ಯುಪಿಐ ಕೂಡ ಆಗುತ್ತದೆ.
>
> ಷರಾದಲ್ಲಿ "114" ಅಂತ ಹಾಕಿ. ಬಿಲ್‌ನಲ್ಲಿ ತಪ್ಪಿದ್ದರೆ ಈ ವಾರದಲ್ಲೇ ತಿಳಿಸಿ.

ಆ ಮೂರು ಸಾಲುಗಳ ಮೇಲೆ ಕೆಳಗೆ ಒಂದೊಂದು ಸಾಲು ಖಾಲಿ ಬಿಡಿ. ಸುಮ್ನೆ ದಪ್ಪ ಅಕ್ಷರ, ಕೆಂಪು ಬಣ್ಣ ನಂಬಬೇಡಿ, ಮೇಲ್ ಬರೀ ಪಠ್ಯವಾಗಿ ಕಾಣುವ ಕಡೆ ಎರಡೂ ಅಳಿಸಿಹೋಗುತ್ತವೆ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 9/7 ಅಂದರೆ ಕೆಲವರು ಸೆಪ್ಟೆಂಬರ್ 7 ಅಂತ ಓದುತ್ತಾರೆ. "114" ಯಾಕೆ ಅಂದರೆ, ಹಣ ಬಂದಾಗ ಯಾವ ಬಿಲ್‌ನದು ಅಂತ ನಿಮಗೇ ಗೊತ್ತಾಗಬೇಕಲ್ವಾ? ಪಾವತಿಯ ದಾರಿ ಎರಡೇ ಸಾಕು, ಅವರು ಜಾಸ್ತಿ ಬಳಸುವುದನ್ನು ಮೊದಲು ಹಾಕಿ. ನಮ್ಮಂಥ ಕಡೆ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಬೇಕು, ಅದು ಬ್ಯಾಂಕಿನ ಪುಟದಲ್ಲಿ ಸಲೀಸು, ಅದಕ್ಕೇ ನೆಫ್ಟ್ ಮೊದಲು ಹಾಕಿದೆ. ಮಾಮೂಲಿಯಾಗಿ ಯುಪಿಐಗೆ 1 ಲಕ್ಷದ ಮಿತಿಯೂ ಇದೆ.

ಸಣ್ಣ ಕಾರ್ಖಾನೆಯವರು, ಹೊಸನಗರ
ದಿನಾಂಕ ಹಾಕದಿದ್ದರೂ ನಡೆಯುತ್ತೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಲೇಬೇಕು ಅಂತ ಕಾನೂನೇ ಇದೆ.

ಬಿಲ್ ಪಾವತಿ ನೋಡುವವರು, ಶಿವಮೊಗ್ಗ
ಅರ್ಧ ಸರಿ ಅಣ್ಣ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನ ಅನ್ನೋದು ಬರಹದಲ್ಲಿ ಒಪ್ಪಂದ ಇದ್ದಾಗಿನ ಗರಿಷ್ಠ ಮಿತಿ. ಒಪ್ಪಂದ ಇಲ್ಲದಿದ್ದರೆ 15 ದಿನ. ಲೆಕ್ಕ ಶುರುವಾಗೋದು ಅವರು ಮಾಲು ಸ್ವೀಕರಿಸಿದ ದಿನದಿಂದ, ಬಿಲ್ ತಾರೀಖಿನಿಂದ ಅಲ್ಲ. ಉದ್ಯಮ್ ನೋಂದಣಿಯೂ ಇರಬೇಕು. ಇದ್ದರೆ ಆ ಸಂಖ್ಯೆಯನ್ನು ಇನ್‌ವಾಯ್ಸ್ ಮೇಲೆ ಹಾಕಿ. ಮೇಲ್‌ನಲ್ಲಿ ಕಾನೂನಿನ ಮಾತು ಬೇಡ, ಮೊದಲ ಮೇಲ್‌ಗೇ ಜಗಳದ ವಾಸನೆ ಬರುತ್ತೆ.

ಜೇನು, ಮಸಾಲೆ ಮಾರುವವರು, ಕೊಪ್ಪ
ಖಾತೆ ಸಂಖ್ಯೆಯನ್ನೂ ಮೇಲ್‌ನಲ್ಲೇ ಬರೆದರೆ ಅವರಿಗೆ ಸುಲಭ ಅಲ್ವಾ? ಆದರೂ ನನಗೆ ಭಯ. ನಮ್ಮ ಹೆಸರಿನಲ್ಲೇ ಯಾರೋ "ಖಾತೆ ಬದಲಾಗಿದೆ" ಅಂತ ಒಬ್ಬ ಗಿರಾಕಿಗೆ ಮೇಲ್ ಕಳಿಸಿದ್ದರು. ಅವರು ಫೋನ್ ಮಾಡಿ ಕೇಳಿದ್ದಕ್ಕೆ ಹಣ ಉಳಿಯಿತು. ಈಗ ಪ್ರತಿ ಮೇಲ್ ಕೊನೆಗೆ "ನಮ್ಮ ಖಾತೆ ಮೇಲ್ ಮೂಲಕ ಬದಲಾಗುವುದಿಲ್ಲ, ಅನುಮಾನ ಬಂದರೆ ಹಳೆಯ ನಂಬರಿಗೆ ಕರೆ ಮಾಡಿ" ಅಂತ ಬರೆಯುತ್ತೇನೆ.

ಬಿಲ್ ಪಾವತಿ ನೋಡುವವರು, ಶಿವಮೊಗ್ಗ
ಆ ಸಾಲು ಒಳ್ಳೇದು ಅಕ್ಕ. ನಾನು ಖಾತೆಯನ್ನು ಪಿಡಿಎಫ್‌ನಲ್ಲೇ ಇಡಿ ಅಂದಿದ್ದೂ ಹಳೆಯ ಬಿಲ್‌ನ ಜತೆ ಹೊಂದಿಸಿ ನೋಡಲಿ ಅಂತಲೇ. ಆದರೆ ನಮ್ಮ ಆಫೀಸಿನಲ್ಲೇ ಕೆಲವರು ಮೇಲ್‌ನಿಂದ ನಕಲು ಮಾಡಿದರೆ ಅಂಕಿ ತಪ್ಪಲ್ಲ ಅಂತ ವಾದಿಸುತ್ತಾರೆ.

ಕೇಳಿದವರು, ತೀರ್ಥಹಳ್ಳಿ
ಇವತ್ತೇ ಹೊಸ ಮೇಲ್ ಕಳಿಸಿದೆ, ಖಾತೆ ಪಿಡಿಎಫ್‌ನಲ್ಲೇ ಬಿಟ್ಟು. ಒಂದು ಉಳಿಯಿತು: ಹಿಂದಿನ ಎರಡು ಬಿಲ್‌ಗಳ ಬಾಕಿಯನ್ನೂ ಇದೇ ಮೇಲ್‌ನಲ್ಲಿ ಸೇರಿಸಿ ಒಂದೇ ಮೊತ್ತ ಬರೆಯಬಹುದಾ?

ಬಿಲ್ ಪಾವತಿ ನೋಡುವವರು, ಶಿವಮೊಗ್ಗ
ಬೇಡ. ಒಂದು ಬಿಲ್‌ನ ತಕರಾರಿಗೆ ಮೂರೂ ನಿಲ್ಲುತ್ತವೆ. ಹಳೆಯ ಎರಡಕ್ಕೂ ಇದೇ ರೀತಿ ಬೇರೆ ಬೇರೆ ಮೇಲ್ ಕಳಿಸಿ, ಮುಗಿದ ದಿನಾಂಕವನ್ನೇ ವಿಷಯದ ಸಾಲಿನಲ್ಲಿ ಹಾಕಿ.