‘ರಾಶಿಗೆ ಬಂದ ತೊಗರಿ’ ಅಂದರೆ ಯಾವ ಹಂತ? ಬೆಳೆವಿಮೆ ಪತ್ರದ ಒಂದು ವಾಕ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಬರೆದ ಒಂದು ಪತ್ರ ತಿದ್ದಲು ಕುಳಿತಿದ್ದೇನೆ. ಮಸ್ಕಿ ಕಡೆಯ ಹೊಲ. ಕೊಯ್ದು ಬಿಟ್ಟಿದ್ದ ತೊಗರಿ ಮಳೆಗೆ ನೆನೆದು ಕಪ್ಪಾಗಿದೆ. ಫಸಲ್ ಬಿಮಾ ಕಟ್ಟಿದ್ದಾರೆ. ಆ್ಯಪಿನಲ್ಲಿ ದೂರು ಕೊಟ್ಟಾಗಿದೆ, ಈಗ ಅದರ ಜೊತೆಗೆ ಪತ್ರ ಕೊಡಬೇಕು. ಇದು ಅವರ ವಾಕ್ಯ. ತಾರೀಖು ಬದಲಿಸಿದ್ದೇನೆ, ನಡುವಿನ ಅಂತರ ಹಾಗೇ ಇದೆ.

“ಗುರುವಾರ ರಾತ್ರಿ ಮಳೆ ಬಂದು ಕೊಯ್ದು ರಾಶಿಗೆ ಬಂದ ತೊಗರಿ ಪೂರ್ತಿ ಹಾಳಾಗಿದ್ದು, ಮರುದಿನ ಫೋಟೋ ತೆಗೆದು 3ನೇ ದಿನ ತಿಳಿಸಿರುತ್ತೇವೆ.”

ನನಗೆ ಎರಡು ಅನುಮಾನ. ‘ಮಳೆ ಬಂದು ಕೊಯ್ದು’ ಅಂದರೆ ಮಳೆ ಆದ ಮೇಲೆ ಕೊಯ್ದರು ಅಂತ ಓದುವುದಿಲ್ಲವೇ? ಇನ್ನೊಂದು, ‘ರಾಶಿಗೆ ಬಂದ’ ಎನ್ನುವುದನ್ನು ಊರಿನ ಹೊರಗಿನವರು ಹೇಗೆ ತಿಳಿಯುತ್ತಾರೆ? ಕಾಕಾನ ಮಾತಿನಲ್ಲಿ ಅದು ಒಣಗಿ ಒಕ್ಕಲು ತಯಾರಾದ ತೊಗರಿ. ಗಿಡ ಮಾತ್ರ ಇನ್ನೂ ಹೊಲದಲ್ಲೇ ಸಾಲಾಗಿ ಬಿದ್ದಿತ್ತು.

ಕೊಪ್ಪಳದಿಂದ

ಕ್ಲೇಮಿಗೆ ಕನ್ನಡ ಪದ ಬೇಕಲ್ವಾ? ‘ಪರಿಹಾರ ಕೋರಿಕೆ’ ಅನ್ನಿ, ಚೆನ್ನಾಗಿರುತ್ತದೆ. ನನ್ನ ಬೈಕ್ ಕಳುವಾದಾಗ ನಾನು ಹಾಗೇ ಬರೆದಿದ್ದೆ. ಆದರೆ ಪೊಲೀಸರ ಎಫ್‌ಐಆರ್‌ನಲ್ಲಿ ಒಂದು ತಾರೀಖು, ನನ್ನ ಪತ್ರದಲ್ಲಿ ಅದರ ಹಿಂದಿನ ತಾರೀಖು. ರಾತ್ರಿ 12 ದಾಟಿದ ಮೇಲೆ ಹೋಗಿತ್ತು. ನಾನು ಮಲಗಿದ ದಿನದ್ದು ಬರೆದಿದ್ದೆ, ಅವರು ಗಡಿಯಾರ ನೋಡಿ ಬರೆದಿದ್ದರು. ಅದೊಂದಕ್ಕೆ ಎರಡು ತಿಂಗಳು ಅಲೆದೆ.

ಕೇಳಿದವರು

ಸರ್, ನಾನು ಕೇಳಿದ್ದು ಕ್ಲೇಮಿನ ಪದ ಅಲ್ಲ. ಆದರೂ ನಿಮ್ಮ ಮಾತು ಓದಿ ಕಾಕಾಗೆ ಫೋನ್ ಮಾಡಿದೆ. ಮಳೆ ಶುರುವಾದದ್ದು ರಾತ್ರಿ ಒಂದೂವರೆಗೆ ಅಂದರು! ಅಂದರೆ ಅದು ಗುರುವಾರ ಅಲ್ಲ, ಶುಕ್ರವಾರ.

ಬಳ್ಳಾರಿಯಿಂದ, ಡಿಟಿಪಿ ಅಂಗಡಿ ನಡೆಸುವವನು

ಇಂಥ ಪತ್ರ ದಿನಾ ಟೈಪ್ ಮಾಡುತ್ತೇನೆ. ನಷ್ಟ ಆದ 72 ಗಂಟೆಯೊಳಗೆ ತಿಳಿಸಬೇಕು ಅಂತಾರಲ್ಲ, 72 ಗಂಟೆ ಅಂದರೆ ಮೂರು ದಿನ ಅಷ್ಟೇ. ಮಳೆಯ ದಿನ ಬಿಟ್ಟು ಮೂರು ಎಣಿಸಿ, ಭಾನುವಾರ ಬಂದರೆ ಸರಿ. ಗುರುವಾರ ಅಂತಲೇ ಇರಲಿ, ಸುಮ್ನೆ ಗೊಂದಲ ಬೇಡ. ಪಾಲಿಸಿ ನಂಬರನ್ನು ಮಾತ್ರ ಇಂಗ್ಲಿಷ್ ಅಂಕಿಯಲ್ಲೇ ಹಾಕಿ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಒಬ್ಬರು ಸೊನ್ನೆ ಇರುವ ಕಡೆ ಅನುಸ್ವಾರ ಒತ್ತಿದ್ದರು. ಕಣ್ಣಿಗೆ ಸರಿ ಕಾಣುತ್ತಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ.

ಸಿಂಧನೂರಿನಿಂದ, ಕೃಷಿ ಇಲಾಖೆಯಲ್ಲಿದ್ದು ನಿವೃತ್ತಳಾದವಳು

ಅಂಕಿಯ ಮಾತು ಸರಿ, ಎಣಿಕೆಯ ಮಾತು ಸರಿಯಲ್ಲ. 72 ಗಂಟೆ ಅಂದ ಮೇಲೆ ಗಂಟೆಯೇ, ದಿನ ಅಲ್ಲ. ನೀವು ಯಾವ ತಾರೀಖು ಇಟ್ಟುಕೊಂಡಿದ್ದೀರೋ ಗೊತ್ತಿಲ್ಲ. ಮಳೆ 2026ರ ಜನವರಿ 9, ಶುಕ್ರವಾರ, ಬೆಳಗಿನ ಜಾವ 1:30 ಅಂದುಕೊಳ್ಳೋಣ. ಆ್ಯಪಿನಲ್ಲಿ ತಿಳಿಸಿದ್ದು ಯಾವಾಗ?

ಕೇಳಿದವರು

ಭಾನುವಾರ ಸಂಜೆ 7ಕ್ಕೆ, ಅಕ್ಕೋರೆ.

ಸಿಂಧನೂರಿನಿಂದ

ಹಾಗಾದರೆ 11ರ ಸಂಜೆ. ಅರವತ್ತೈದೂವರೆ ಗಂಟೆ ಆಯಿತು, ಗಡುವಿನ ಒಳಗೇ ಇದ್ದೀರಿ. ಇನ್ನು ‘ಗುರುವಾರ ರಾತ್ರಿ’ ಎನ್ನುವ ಪತ್ರವನ್ನು ಓದುವವನ ಕಣ್ಣಿನಿಂದ ನೋಡಿ. ಗಂಟೆ ಇಲ್ಲ. ಅವನು 8ರ ಸಂಜೆ 6ಕ್ಕೆ ಮಳೆ ಬಂತು ಅಂತ ಹಿಡಿದರೆ 73 ಗಂಟೆ ಆಗುತ್ತದೆ. ಒಳಗಿದ್ದವರನ್ನು ನಿಮ್ಮ ವಾಕ್ಯವೇ ಹೊರಗೆ ದೂಡುತ್ತದೆ. ‘3ನೇ ದಿನ’ ಎಲ್ಲಿಂದ ಮೂರನೆಯದು ಎನ್ನುವುದೂ ಹಾಗೇ. ಗುರುವಾರದಿಂದ ಎಣಿಸಿದರೆ ಭಾನುವಾರ ನಾಲ್ಕನೆಯದು. ‘ಮರುದಿನ’, ‘ಮೂರನೇ ದಿನ’ ಎಲ್ಲ ತೆಗೆದು, ವಾರ, ತಾರೀಖು, ಗಂಟೆ ಮೂರನ್ನೂ ಹಾಕಿ. ವಾರ ಹಾಕಿದರೆ ತಾರೀಖಿನ ತಪ್ಪು ತಾನೇ ಸಿಕ್ಕಿಬೀಳುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ.

ಈಗ ‘ರಾಶಿ’. ನೀವು ಹೆದರಿದ್ದು ಸರಿ. ಕೊಯ್ಲಿನ ನಂತರದ ನಷ್ಟಕ್ಕೆ ವಿಮೆ ಸಿಗುವುದು ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ, ಇಲ್ಲವೇ ಸಣ್ಣ ಕಟ್ಟು ಕಟ್ಟಿ ಬಿಟ್ಟಿದ್ದಕ್ಕೆ. ಅದೂ ಕೊಯ್ದ ದಿನದಿಂದ 14 ದಿನದ ತನಕ. ಒಟ್ಟಿ ಬಣವೆ ಹಾಕಿಬಿಟ್ಟರೆ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆ ‘ರಾಶಿ’ ಅಂದರೆ ಒಕ್ಕುವ ಕೆಲಸವೂ ಹೌದು, ಒಕ್ಕಿದ ಕಾಳಿನ ಗುಡ್ಡೆಯೂ ಹೌದು. ಹೊರಗಿನವರಿಗೆ ಗುಡ್ಡೆ ಒಂದೇ ಕಾಣುತ್ತದೆ. ಸರ್ವೆಗೆ ಬಂದವನು ಸಾಲು ಬಿದ್ದ ಗಿಡ ನೋಡುತ್ತಾನೆ, ಕಾಗದದಲ್ಲಿ ರಾಶಿ ಅಂತ ಇರುತ್ತದೆ. ಆಗ ಎರಡರಲ್ಲಿ ಒಂದು ಸುಳ್ಳು ಅನ್ನಿಸುತ್ತದೆ. ಒಂದು ಮಾತು ಮಾತ್ರ. ನಿಜಕ್ಕೂ ಒಟ್ಟಿದ್ದರೆ ‘ಹರಡಿದ್ದ’ ಅಂತ ತಿದ್ದಬೇಡಿ. ಅದು ಪದ ತಿದ್ದುವುದಲ್ಲ.

ಕೊಯ್ದ ತಾರೀಖು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. 14 ದಿನ ಎಣಿಸುವುದು ಅಲ್ಲಿಂದಲೇ ಅಲ್ವಾ?

ರಾಯಚೂರಿನಿಂದ, ಕನ್ನಡ ಮೇಷ್ಟ್ರು

ವ್ಯಾಕರಣದ್ದು ನಾನು ಹೇಳುತ್ತೇನೆ. ‘ಬಂದು’, ‘ಕೊಯ್ದು’, ‘ತೆಗೆದು’ ಸಾಲಾಗಿ ಬಂದರೆ ಓದುಗ ಅದೇ ಕ್ರಮದಲ್ಲಿ ನಡೆಯಿತು ಅಂದುಕೊಳ್ಳುತ್ತಾನೆ. ನಿಮ್ಮ ವಾಕ್ಯದಲ್ಲಿ ಮಳೆ ಮೊದಲು, ಕೊಯ್ಲು ಆಮೇಲೆ. ಕೊಯ್ಲನ್ನು ಬೇರೆ ವಾಕ್ಯ ಮಾಡಿ ಮೊದಲೇ ಇಡಿ, ‘ಕೊಯ್ದಿದ್ದೆವು’ ಅನ್ನಿ. ‘ತಿಳಿಸಿರುತ್ತೇವೆ’ ಎನ್ನುವ ಕಚೇರಿ ಕನ್ನಡ ಬೇಡ. ಅದು ‘ತಿಳಿಸಿರಬಹುದು’ ಎಂಬಂತೆಯೂ ಕೇಳುತ್ತದೆ. ‘ತಿಳಿಸಿದೆವು’ ಸಾಕು.

ಕೇಳಿದವರು

ಕಾಕಾ ಹಾಳೆ ಹುಡುಕಿದರು. ಕೊಯ್ಲು ಮುಗಿದದ್ದು ಭಾನುವಾರ, ಜನವರಿ 4 ಅಂದುಕೊಳ್ಳಿ. ಹುಡುಕುವಾಗ ಇನ್ನೆರಡು ಸಿಕ್ಕವು. ಫೋಟೋದ ಮೂಲೆಯಲ್ಲಿ ಮೊಬೈಲು 01/09/2026 ಅಂತ ಹಾಕಿದೆ, ತಿಂಗಳು ಮೊದಲು. ನಮ್ಮ ಕಣ್ಣಿಗೆ ಅದು ಸೆಪ್ಟೆಂಬರ್ 1. ಫೋಟೋ ಮುಟ್ಟುವುದಿಲ್ಲ, ಪತ್ರದಲ್ಲಿ ಒಂದು ಸಾಲು ವಿವರ ಬರೆಯುತ್ತೇನೆ.

ಇನ್ನೊಂದು, ನಂಬರು. ಕಾಕಾ ‘ಪಾಲಿಸಿ ಸಂಖ್ಯೆ’ ಅಂತ ಬರೆದದ್ದು ನಿಜವಾಗಿ ಅರ್ಜಿ ಸಂಖ್ಯೆ. ಅದರ ಕೊನೆಗೆ ಮೂರು ಸೊನ್ನೆ ಇತ್ತು, ರಸೀದಿಯಲ್ಲಿ ಇಲ್ಲ!

ಬಳ್ಳಾರಿಯಿಂದ

ಯಾರೋ ಎಕ್ಸೆಲ್‌ನಲ್ಲಿ ಹಾಕಿದ್ದಾರೆ. ಅದು 15 ಅಂಕಿ ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ನೋಡಿ:

```
ಒತ್ತಿದ್ದು:    123456789012345678
ಕಾಣುವುದು:  1.23457E+17
ಉಳಿದದ್ದು:   123456789012345000
```

ಮೊದಲ ಸೊನ್ನೆ ಇದ್ದರೆ ಅದೂ ಹೋಗುತ್ತದೆ. ಹೋದ ಅಂಕಿ ಮತ್ತೆ ಬರುವುದಿಲ್ಲ. ರಸೀದಿ ನೋಡಿಯೇ ಹೊಡೆಯಬೇಕು. ನಾನು ಮೊದಲು ಆ ಕಾಲಮ್ಮನ್ನು Text ಮಾಡಿಕೊಳ್ಳುತ್ತೇನೆ. ಆಮೇಲೆ ಒಬ್ಬರು ರಸೀದಿ ಓದುವುದು, ಒಬ್ಬರು ಪತ್ರ ನೋಡುವುದು, ನಾಲ್ಕು ನಾಲ್ಕು ಅಂಕಿ. ಗಂಟೆಯ ಲೆಕ್ಕದಲ್ಲಿ ನಾನು ಸೋತೆ, ಒಪ್ಪಿದೆ.

ಸಿಂಧನೂರಿನಿಂದ

ಅರ್ಜಿ ಸಂಖ್ಯೆ ವಿಮೆ ಕಟ್ಟಿದಾಗ ಬಂದದ್ದು, ಡಾಕೆಟ್ ಸಂಖ್ಯೆ ನಷ್ಟ ತಿಳಿಸಿದಾಗ ಬಂದದ್ದು. ಎರಡನ್ನೂ ಅದದೇ ಹೆಸರಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ‘ಪೂರ್ತಿ ಹಾಳು’ ಅನ್ನುವುದನ್ನೂ ಬಿಡಿ, ಎಷ್ಟು ಎಕರೆಯಲ್ಲಿ ಎಷ್ಟು ಅಂತ ಹೇಳಿ.

ಕೇಳಿದವರು

ಈಗ ಹೀಗಿದೆ:

“ನಮ್ಮ 4 ಎಕರೆ ತೊಗರಿಯನ್ನು 2026ರ ಜನವರಿ 4, ಭಾನುವಾರ ಕೊಯ್ದು ಮುಗಿಸಿದ್ದೆವು. ಗಿಡಗಳನ್ನು ಒಣಗಲು ಹೊಲದಲ್ಲೇ ಸಾಲಾಗಿ ಹರಡಿದ್ದೆವು. ಜನವರಿ 9, ಶುಕ್ರವಾರ ಬೆಳಗಿನ ಜಾವ ಸುಮಾರು 1:30ಕ್ಕೆ ಅಕಾಲಿಕ ಮಳೆ ಶುರುವಾಯಿತು. ಸುಮಾರು 3 ಎಕರೆಯ ತೊಗರಿ ನೆನೆದು ಕಾಳು ಕಪ್ಪಾಗಿದೆ. ಅದೇ ಶುಕ್ರವಾರ ಬೆಳಗ್ಗೆ ಫೋಟೋ ತೆಗೆದೆವು. ಫೋಟೋದ ಮೇಲಿನ 01/09/2026 ಎಂಬುದು ಜನವರಿ 9. ಜನವರಿ 11, ಭಾನುವಾರ ಸಂಜೆ 7ಕ್ಕೆ ಆ್ಯಪಿನಲ್ಲಿ ತಿಳಿಸಿದೆವು.”

ಕೆಳಗೆ ಎರಡು ಸಂಖ್ಯೆ, ಎರಡು ಸಾಲು.

ಒಂದು ಉಳಿಯಿತು. ಹೊಲದ ಒಂದು ಮೂಲೆಯಲ್ಲಿ ಕಾಕಾ ಸೂಡು ಕಟ್ಟಿ ನಾಲ್ಕೈದನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರಂತೆ. ಅದು ಸಣ್ಣ ಕಟ್ಟೋ, ಒಟ್ಟಿದ್ದೋ?

ರಾಯಚೂರಿನಿಂದ

ನಮ್ಮೂರಲ್ಲಿ ಅದು ಸೂಡೇ, ಬಣವೆ ಅಲ್ಲ.

ಸಿಂಧನೂರಿನಿಂದ

ಪದಕ್ಕೆ ಸರಿ ಸರ್. ಆದರೆ ಸರ್ವೆಗೆ ಬರುವವನು ಯಾವ ಊರಿನವನೋ. ‘ನಾಲ್ಕೈದು ಸೂಡು ಆನಿಸಿ ನಿಲ್ಲಿಸಿದ್ದೆವು’ ಅಂತ ಇದ್ದದ್ದನ್ನೇ ಬರೆದು, ಆ ಮೂಲೆಯ ಫೋಟೋ ಇದ್ದರೆ ಲಗತ್ತಿಸಿ. ಅವನು ಏನು ಅನ್ನುತ್ತಾನೋ ನಾನಂತೂ ಹೇಳಲಾರೆ.